ಬಾಕ್ಸ್ ಪ್ಲಾಟ್: ಅದೇ 22 ಮಾರ್ಕ್ಸು, ಎ ಸೆಕ್ಷನ್ನಲ್ಲಿ ಔಟ್‌ಲೈಯರ್, ಬಿ ಸೆಕ್ಷನ್ನಲ್ಲಿ ಅಲ್ಲ, ಯಾಕೆ? ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಮಂಡ್ಯ ಕಡೆ ಹೈಸ್ಕೂಲಲ್ಲಿ ಗಣಿತ ಮೇಷ್ಟ್ರು ನಾನು. ಹತ್ತನೇ ಕ್ಲಾಸಿನ ಎರಡು ಸೆಕ್ಷನ್ ಪ್ರಿಪರೇಟರಿ ಮಾರ್ಕ್ಸನ್ನ (80ಕ್ಕೆ) ಎಕ್ಸೆಲ್‌ನಲ್ಲಿ Box and Whisker ಹಾಕಿ ನೋಡ್ತಿದೀನಿ. ಎರಡಕ್ಕೂ ಮೀಡಿಯನ್ 54, ಅಂದ್ರೆ ನಡುವಿನ ಹುಡುಗ ಎರಡೂ ಕಡೆ ಒಂದೇ ಅಂತ ಖುಷಿಯಾಗಿದ್ದೆ, ಆದ್ರೆ ಎ ಬಾಕ್ಸ್ 48ರಿಂದ 60, ಬಿ ಬಾಕ್ಸ್ 35ರಿಂದ 63, ಬಿ ಸಿಕ್ಕಾಪಟ್ಟೆ ಹರಡ್ಕೊಂಡಿದೆ.

ಈಗ ತಲೆ ಕೆಡ್ತಿರೋದು ಇಲ್ಲಿ. ಎರಡೂ ಸೆಕ್ಷನ್ನಲ್ಲೂ ಕಮ್ಮಿ ಅಂದ್ರೆ 22. ಬಿನಲ್ಲಿ ಕೆಳಗಿನ ವಿಸ್ಕರ್ ಸೀದಾ 22ರ ತನಕ ಇಳಿದಿದೆ, ಎನಲ್ಲಿ 33ಕ್ಕೇ ನಿಂತು 22 ಒಂಟಿ ಚುಕ್ಕೆ ಆಗಿದೆ. ಎಂಟ್ರಿ ತಪ್ಪಾ ಅಂತ ಪೇಪರ್ ತೆಗೆದು ನೋಡ್ದೆ, ಸರಿಯಾಗೇ ಇದೆ. Inclusive median, Exclusive median ಎರಡೂ ಬದಲಾಯಿಸ್ದೆ, ಚುಕ್ಕೆ ಹೋಗ್ಲಿಲ್ಲ.

ಕೈಯಲ್ಲೂ ಲೆಕ್ಕ ಹಾಕ್ದೆ. ಎ ಬಾಕ್ಸ್ ಉದ್ದ 12, ಅದರ ಒಂದೂವರೆ ಪಟ್ಟು 18, 48ರಲ್ಲಿ ಕಳೆದ್ರೆ ಗಡಿ 30, ಅದಕ್ಕೇ 22 ಹೊರಗೆ, ಗಡಿಯೊಳಗಿನ ಕಮ್ಮಿ ಮಾರ್ಕ್ಸ್ 33, ವಿಸ್ಕರ್ ಅಲ್ಲಿಗೇ ನಿಂತಿದೆ. ಬಿ ಬಾಕ್ಸ್ ಉದ್ದ 28, ಒಂದೂವರೆ ಪಟ್ಟು 42, ಗಡಿ ಸೊನ್ನೆಗಿಂತ ಕೆಳಗೇ ಹೋಗುತ್ತೆ, ಹಂಗಾದ್ರೆ ಬಿನಲ್ಲಿ ಸೊನ್ನೆ ತಗೊಂಡೋನೂ ಚುಕ್ಕೆ ಆಗಲ್ಲ! ಹೆಡ್‌ಮಾಸ್ಟ್ರು ಚಾರ್ಟ್ ನೋಡಿ "ಬಿನಲ್ಲಿ ಎಲ್ಲ ನಾರ್ಮಲ್, ಎನಲ್ಲೇ ಒಬ್ಬನಿಗೆ ತೊಂದ್ರೆ" ಅಂತಿದಾರೆ, ನಂಗ್ಯಾಕೋ ಉಲ್ಟಾ ಅನ್ನಿಸ್ತಿದೆ.

ಗೊತ್ತಿರೋರು ಹೇಳಿ: ಚುಕ್ಕೆ ಇಲ್ಲ ಅಂದ್ರೆ ಬಿನಲ್ಲಿ ಹಿಂದುಳಿದೋರು ಇಲ್ಲ ಅಂತ ಓದ್ಬೋದಾ, ಇಲ್ಲಾ ಸ್ಪೆಷಲ್ ಕ್ಲಾಸಿಗೆ ಮಕ್ಕಳನ್ನ ಆರಿಸೋಕೆ ಚುಕ್ಕೆ ಬಿಟ್ಟು 35ರ ಕೆಳಗಿರೋ ಆ ಕಾಲುಭಾಗ ನೋಡ್ಬೇಕಾ?