ಕೋಲ್ಡ್ ರೂಮ್ ಮ್ಯಾಪಿಂಗ್: 7ನೇ ಲಾಗರ್ ಮಾತ್ರ 2 ಡಿಗ್ರಿಗಿಂತ ಕೆಳಗೆ ಹೋಗ್ತಿದೆ

ತಣ್ಣನೆತಲೆ: ತಲೆ ಕೆಟ್ಟುಹೋಗಿದೆ. ಲಸಿಕೆ ಇಡುವ ಕೋಲ್ಡ್ ರೂಮ್, 2ರಿಂದ 8 ಇರಬೇಕು. ಎಲ್ಲೆಲ್ಲಿ ಎಷ್ಟು ತಣ್ಣಗಿದೆ ನೋಡಲು ಅಲ್ಲಲ್ಲಿ ತಾಪಮಾನ ದಾಖಲಿಸುವ ಲಾಗರ್ ಇಟ್ಟಿದ್ದೇನೆ. 7ನೇ ಲಾಗರ್ ಆಗಾಗ 0.9ಕ್ಕೆ ಇಳಿಯುತ್ತದೆ, ಉಳಿದವೆಲ್ಲ 3ರಿಂದ 6ರ ಒಳಗೇ ಇವೆ. ಹೊರಗಿನ ಡಿಸ್‌ಪ್ಲೇ ನೋಡಿದರೆ ಆರಾಮಾಗಿ 4.2 ತೋರಿಸುತ್ತಿದೆ. ಲಾಗರ್ ಕೆಟ್ಟಿದೆ ಅಲ್ವಾ?

ಗ್ಯಾಸ್ಕೆಟ್ ಗುರು: ಬಾಗಿಲು ಸಾರ್, ಬಾಗಿಲು. ಗ್ಯಾಸ್ಕೆಟ್ ಸಡಿಲ ಆಗಿರುತ್ತದೆ.

ಹಳೇ ಮೀಟರ್: ಬಾಗಿಲಿಂದ ಬಿಸಿ ಗಾಳಿ ಬರುತ್ತದೆ, ತಣ್ಣಗೆ ಹೇಗಾಗುತ್ತದೆ? 7 ಇರುವುದು ಎಲ್ಲಿ? ಎಷ್ಟು ನಿಮಿಷಕ್ಕೊಂದು ರೀಡಿಂಗ್?

ಗ್ಯಾಸ್ಕೆಟ್ ಗುರು: ಬಿಸಿ ಗಾಳಿ ನುಗ್ಗಿದರೆ ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ, ಆಗ ತಣ್ಣಗಾಗುತ್ತದೆ. ಸ್ವಲ್ಪ ಯೋಚನೆ ಮಾಡಿ.

ತಣ್ಣನೆತಲೆ: ಹಿಂದಿನ ಗೋಡೆ, ಮೇಲಿನ ರ‍್ಯಾಕ್, ಫ್ಯಾನಿನ ಎದುರಿಗೇ. ಅದು ಗೊತ್ತಿರುವ ವಿಷಯ ಅಂದುಕೊಂಡೆ. 15 ನಿಮಿಷಕ್ಕೊಂದು ರೀಡಿಂಗ್. ರಾತ್ರಿ ಬಾಗಿಲು ಬೀಗ ಹಾಕಿದ್ದಾಗಲೂ ಇಳಿಯುತ್ತದೆ.

ಹಳೇ ಮೀಟರ್: ಹಾಗಿದ್ದರೆ ಬಾಗಿಲ ಮಾತು ಬಿಡಿ. ಡಿಸ್‌ಪ್ಲೇಯ ಸೆನ್ಸರ್ ಸಾಮಾನ್ಯವಾಗಿ ಯೂನಿಟ್ಟಿಗೆ ವಾಪಸ್ ಹೋಗುವ ಗಾಳಿಯಲ್ಲಿರುತ್ತದೆ. ರೂಮೆಲ್ಲ ಸುತ್ತಿ ಬಂದ ಗಾಳಿ ಅದು. ಫ್ಯಾನಿಂದ ಹೊರಡುವ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಕಂಪ್ರೆಸರ್ ಓಡಿದಾಗೆಲ್ಲ 7ಕ್ಕೆ ನೇರ ಏಟು. 15 ನಿಮಿಷಕ್ಕೊಮ್ಮೆ ನೋಡಿದರೆ ನಿಜವಾದ ತಳ ಸಿಗುವುದೇ ಇಲ್ಲ. 1 ನಿಮಿಷಕ್ಕೆ ಇಡಿ, 7 ಮತ್ತು 3ನ್ನು ಅದಲು ಬದಲು ಮಾಡಿ. ಇಳಿತ ಜಾಗದಲ್ಲೇ ಉಳಿದರೆ ಲಾಗರ್ ತಪ್ಪಿಲ್ಲ.

ಐಎಲ್‌ಆರ್ ಅಭಿಮಾನಿ: ನಮ್ಮ ಲಸಿಕೆ ಫ್ರಿಜ್ಜು ಐಎಲ್‌ಆರ್‌ನಲ್ಲಿ ತಳವೇ ತಣ್ಣಗೆ. ಹೆಪಟೈಟಿಸ್ ಬಿ ಲಸಿಕೆ ಮೇಲೆ ಇಡಿ, ಮುಗೀತು.

ಹಳೇ ಮೀಟರ್: ಅಯ್ಯೋ, ಇಲ್ಲಿ ಮೇಲೇ ತಣ್ಣಗೆ! ಹೆಪ್ಪುಗಟ್ಟಿದರೆ ಹಾಳಾಗುವ ಲಸಿಕೆಯನ್ನೇ ಅಲ್ಲಿ ಇಡಿಸುತ್ತಿದ್ದೀರಲ್ಲ.

ವೈರ್‌ಲೆಸ್ ವೀರ: ನಾನು ಎಲ್ಲ ಪ್ರೋಬನ್ನೂ ಗ್ಲೈಕಾಲ್ ಬಾಟಲಿಯಲ್ಲಿ ಮುಳುಗಿಸಿದ್ದೇನೆ, ಗ್ರಾಫ್ ಮೊಬೈಲಿಗೇ ಬರುತ್ತದೆ. ಇಂಥ ತಲೆನೋವೇ ಇಲ್ಲ.

ಹಳೇ ಮೀಟರ್: ಬಾಟಲಿಯೊಳಗಿಂದ ಗಾಳಿಯ ಇಳಿತ ಕಾಣುವುದಿಲ್ಲ, ಅದಕ್ಕೇ ತಲೆನೋವಿಲ್ಲ.

ವೈರ್‌ಲೆಸ್ ವೀರ: ಲಸಿಕೆ ಸೀಸೆ ಕೂಡ ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ ಸ್ವಾಮಿ. ಗಾಳಿ ನೋಡಿ ಸುಮ್ನೆ ಹೆದರುವುದೇಕೆ?

ಹಳೇ ಮೀಟರ್: ಅದು ನಿಜ. ಒಂದೇ ಜಾಗದಲ್ಲಿ ಗಾಳಿಗೊಂದು, ಬಾಟಲಿಯಲ್ಲೊಂದು, ಎರಡೂ ಇಡಿ.

ತಣ್ಣನೆತಲೆ: ಬದಲಾಯಿಸಿ ನೋಡಿದೆ. 7 ಹೊಸ ಜಾಗದಲ್ಲಿ ಸರಿ ಇದೆ, ಅಲ್ಲಿಗೆ ಹೋದ 3 ಈಗ ಇಳಿಯುತ್ತಿದೆ. 1 ನಿಮಿಷದ ಗ್ರಾಫಿನಲ್ಲಿ ಗರಗಸದ ಹಲ್ಲಿನ ಹಾಗೆ, ಕಂಪ್ರೆಸರ್ ಓಡಿದಾಗೆಲ್ಲ ಗಾಳಿ -0.6 ಮುಟ್ಟುತ್ತದೆ. ಪಕ್ಕದ ಗ್ಲೈಕಾಲ್ ಬಾಟಲಿ 1.7ರ ಹತ್ತಿರ. ಆ ರ‍್ಯಾಕ್ ಖಾಲಿ ಮಾಡಿ, ಏನೂ ಇಡಬಾರದು ಅಂತ ಪಟ್ಟಿ ಅಂಟಿಸಿದೆ. ಸೆಟ್ಟಿಂಗ್ 4ರಿಂದ 5ಕ್ಕೆ ಏರಿಸಿದರೆ ಬಾಗಿಲ ಮೇಲಿನ ಮೂಲೆ ಡಿಫ್ರಾಸ್ಟ್ ಹೊತ್ತಿಗೆ 7.8 ಆಗುತ್ತದೆ. ಈಗೇನು?

ಹಳೇ ಮೀಟರ್: 4ಕ್ಕೇ ಇಳಿಸಿ. ಫ್ಯಾನಿನ ಎದುರು ಗಾಳಿ ತಿರುಗಿಸುವ ತಗಡು ಹಾಕಿಸಿ, ಆಮೇಲೆ ರೂಮಲ್ಲಿ ಸರಕು ತುಂಬಿರುವಾಗ ಮತ್ತೆ ಪೂರ್ತಿ ಮ್ಯಾಪಿಂಗ್ ಮಾಡಿ. ಗಾಳಿಯ ದಾರಿ ಬದಲಾದರೆ ತಣ್ಣನೆ ಜಾಗವೂ ಬೇರೆ ಕಡೆ ಹೋಗಬಹುದು. ಡಿಫ್ರಾಸ್ಟ್ ಎಷ್ಟು ಹೊತ್ತು ಇಟ್ಟಿದ್ದೀರಿ?

ಗ್ಯಾಸ್ಕೆಟ್ ಗುರು: ಬಾಗಿಲ ಮೂಲೆ 7.8 ಅಂತೆ. ನಾನು ಮೊದಲೇ ಹೇಳಿದ್ದೆ!