ಅಪ್‌ಡೇಟ್: ಮದುವೆ ಬಫೆಗೆ ಪ್ಲೇಟ್ ರೇಟ್ ಕೊನೆಗೂ ಕೂತಿತು

ನಾನು ಕೇಳಿದ್ದು: "ತುಮಕೂರಿಂದ ಗುಬ್ಬಿ ಛತ್ರಕ್ಕೆ ಬಫೆ, 600 ಜನ ಅಂತಾರೆ. ಕೂಲಿ, ಗಾಡಿ, ವೇಸ್ಟೇಜ್ ಸೇರಿಸಿ ಪ್ಲೇಟಿಗೆ ಎಷ್ಟು ಹೇಳಲಿ?"

ಕೆಲಸಕ್ಕೆ ಬಂದಿದ್ದು "ಗ್ಯಾರಂಟಿ ಪ್ಲೇಟಿಗೆ ಭಾಗಿಸಿ" ಅಂದವರ ಸಲಹೆ. ಎಷ್ಟೇ ಜನ ಬಂದರೂ ಬದಲಾಗದ ಖರ್ಚು ಮೊದಲು ಕೂಡಿಸಿದೆ. ಹಿಂದಿನ ರಾತ್ರಿ ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು ಸೇರಿ ಕೂಲಿ 30,000. ಗಾಡಿ 7,000, ಅದರಲ್ಲಿ ಅರ್ಧ ಪಾತ್ರೆ ವಾಪಸ್ ತರೋ ಟ್ರಿಪ್ಪಿಗೆ. ಅದನ್ನೇ ಎಲ್ಲರೂ ಮರೆಯೋದು. ಗ್ಯಾಸ್, ಪಾತ್ರೆ ಬಾಡಿಗೆ 8,000. ಒಟ್ಟು 45,000. ಇದನ್ನ 600ಕ್ಕಲ್ಲ, ಮದುವೆ ಮನೆಯವರು ಗ್ಯಾರಂಟಿ ಅಂತ ಒಪ್ಪಿದ ಕನಿಷ್ಠ 500 ಪ್ಲೇಟಿಗೆ ಭಾಗಿಸಿದರೆ 90 ರೂಪಾಯಿ. ಪ್ಲೇಟಿಗೆ ದಿನಸಿ, ತರಕಾರಿ 130, ವೇಸ್ಟೇಜ್ 10. ಅಸಲು 230. ಮಾರೋ ಬೆಲೆಯಲ್ಲಿ 20% ಉಳಿಯಬೇಕು ಅಂದ್ರೆ 0.8ರಿಂದ ಭಾಗಿಸಬೇಕು, 287.50. ಹೇಳಿದ್ದು 290.

ಹೋಗಿದ್ದು 540 ಪ್ಲೇಟ್. 600ಕ್ಕೆ ಭಾಗಿಸಿದ್ದರೆ ಆ 45,000ದಲ್ಲೇ 4,500 ಕೈಬಿಡ್ತಿತ್ತು.

"ಒಟ್ಟು ಖರ್ಚಿನ ಮೇಲೆ 10% ವೇಸ್ಟೇಜ್" ಅನ್ನೋ ಇನ್ನೊಂದು ಸಲಹೆ ಸರಿಹೋಗಲಿಲ್ಲ. ಕೂಲಿ, ಗಾಡಿ ಹಳಸಲ್ಲವಲ್ಲ! ದಿನಸಿ ಮೇಲೆ ಮಾತ್ರ 8% ಸಾಕಾಯ್ತು.

ನಾನು ಅಂದುಕೊಂಡಿರದ ವಿಷಯ: ಮಿಕ್ಕಿದ್ದರಲ್ಲಿ ಹೆಚ್ಚು ಅನ್ನವೇ, ಪಲ್ಯ ಅಲ್ಲ. ಅದಕ್ಕೇ ಕೊನೆಯ ಹಂಡೆ ಅಕ್ಕಿ ತೊಳೆಯದೇ ಇಟ್ಟು, ಜೋಡಿಸಿದ ತಟ್ಟೆ ಎಷ್ಟು ಖಾಲಿಯಾಗಿದೆ ನೋಡಿ ಒಲೆಗೆ ಇಡಿ. ಹೋಳಿಗೆ ಹತ್ತಿರ ಬಡಿಸೋಕೆ ಒಬ್ಬ ನಿಂತಿರಲೇಬೇಕು.