ಕಾರ್ಡಲ್ಲಿ ಎಲ್ಲಾ ಸರಿ, ಡಿಸೆಕ್ಷನ್ ಹಾಲಲ್ಲಿ ಸೊನ್ನೆ

ಸಹನಾ, ವಿಜಯಪುರ: ತೊಡೆಸಂದಿಯ ಫೀಮೋರಲ್ ಟ್ರಯಾಂಗಲ್ ಸ್ಲೈಡನ್ನು ಆ್ಯಂಕಿ ಫ್ಲ್ಯಾಶ್‌ಕಾರ್ಡ್ ಆ್ಯಪಿಗೆ ಹಾಕಿ ನಾಲ್ಕು ಹೆಸರಿನ ಮೇಲೂ ಡಬ್ಬಿ ಮುಚ್ಚಿದೆ. ಕಾರ್ಡಲ್ಲಿ ಎಲ್ಲಾ ಸರಿ ಬರುತ್ತೆ. ಡಿಸೆಕ್ಷನ್ ಹಾಲಲ್ಲಿ ಒಂದೂ ಗೊತ್ತಾಗಲ್ಲ. ಎಲ್ಲಿ ತಪ್ಪಿದೆ?

ಪ್ರಕಾಶ, ಬೆಳಗಾವಿ: `Hide One, Guess One` ಇಟ್ಟಿರ್ತೀರಿ. ನರ್ವ್, ವೇನ್, ಲಿಂಫ್ ನೋಡ್ ಕಣ್ಣೆದುರೇ ಇದ್ದರೆ ಉಳಿದದ್ದು ಆರ್ಟರಿನೇ ಅಲ್ವಾ? ಅದು ನೆನಪಲ್ಲ, ಲೆಕ್ಕ. `Hide All, Guess One` ಹಾಕಿ.

ಮಲ್ಲು, ಬಾಗಲಕೋಟೆ: "ಲೆಕ್ಕ" ಅಂದ್ರಲ್ಲ, ವೈವಾದಲ್ಲೂ ಅದೇ ಲೆಕ್ಕ ರೀ. ಹೊರಬದಿಯಿಂದ ಒಳಗೆ ಇಂಗ್ಲಿಷ್ ಮೊದಲಕ್ಷರ ಜೋಡಿಸಿ ನೇವಲ್ ಅಂತ ನೆನಪಿಟ್ಟರೆ ಮುಗೀತು. ನರ್ವ್, ಆರ್ಟರಿ, ವೇನ್, ಮೂರೂ ಫೀಮೋರಲ್ ಶೀತ್ ಅನ್ನೋ ಚೀಲದ ಒಳಗೆ.

ಗಿರಿಜಾ, ಅನಾಟಮಿ ಪಿಜಿ: ಮೂರೂ ಅಲ್ಲ. ನರ್ವ್ ಶೀತಿನ ಹೊರಗಿದೆ.

ಮಲ್ಲು: "ಹೊರಗೆ" ಹೆಂಗ್ರೀ? ನೇವಲ್ ಶುರುವಾಗೋದೇ ನರ್ವ್‌ನಿಂದ.

ಗಿರಿಜಾ: ಸಾಲು ಬೇರೆ, ಚೀಲ ಬೇರೆ. ಶೀತಿನಲ್ಲಿ ಮೂರು ಕೋಣೆ. ಆರ್ಟರಿಗೊಂದು, ವೇನ್‌ಗೊಂದು, ಒಳಬದಿಯದು ಫೀಮೋರಲ್ ಕೆನಾಲ್. ನರ್ವ್ ಪಕ್ಕದಲ್ಲೇ ಇಲಿಯಾಕ್ ಫ್ಯಾಶಿಯಾ ಕೆಳಗೆ ಬರುತ್ತೆ.

ಬಸು: ನಾನು ಬ್ರೇಕಿಯಲ್ ಪ್ಲೆಕ್ಸಸ್‌ಗೆ 27 ಡಬ್ಬಿ ಹಾಕಿದ್ದೆ. ಒಂದೇ ಚಿತ್ರ ಬೆಳಗ್ಗೆಯಿಂದ ಸಂಜೆತನಕ. ತಲೆ ಕೆಟ್ಟೋಯ್ತು.

ಪ್ರಕಾಶ: ಬಸಣ್ಣ, `Bury new siblings` ಆನ್ ಮಾಡು. ಹೊಸ ಕಾರ್ಡುಗಳಲ್ಲಿ ಒಂದೇ ಚಿತ್ರದ್ದು ದಿನಕ್ಕೊಂದೇ ಬರುತ್ತೆ.

ಮಲ್ಲು: ಪಕ್ಕದಲ್ಲೇ ಇದೆ ಅಂತ ಅವರೇ ಒಪ್ಪಿದರು. ಅಷ್ಟೇ ನಾನು ಹೇಳಿದ್ದು.

ಗಿರಿಜಾ: ನೀವು "ಒಳಗೆ" ಅಂದಿದ್ರಿ, ಮೇಲೆ ಹಾಗೇ ಇದೆ. ಶೀತ್‌ಗೇ ಒಂದು ಡಬ್ಬಿ ಹಾಕಿ ಕೇಳಿದ್ದರೆ ಎಲ್ಲಿಂದ ಎಲ್ಲಿಗೆ ಎಳೆಯುತ್ತಿದ್ರಿ?

ಇರಲಿ, ಸಹನಾ. ಹೆಸರು ಮುಚ್ಚಿದ್ದೀಯ, ಬಣ್ಣ ಮುಚ್ಚಿಲ್ಲ. ಸ್ಲೈಡಲ್ಲಿ ಆರ್ಟರಿ ಕೆಂಪು, ವೇನ್ ನೀಲಿ, ನರ್ವ್ ಹಳದಿ. ಗೆರೆ ಕೆಂಪು ಕೊಳವೆಗೆ ಮುಟ್ಟಿದರೆ ಉತ್ತರ ಅಲ್ಲೇ ಸಿಗುತ್ತೆ. ಫಾರ್ಮಲಿನ್ ಹಾಕಿದ ದೇಹದಲ್ಲಿ ಎಲ್ಲಾ ಕಂದು. ಅಲ್ಲಿ ಬೆರಳಿಗೆ ದಪ್ಪ ಗೋಡೆ ಸಿಕ್ಕರೆ ಆರ್ಟರಿ, ತೆಳ್ಳಗೆ ಚಪ್ಪಟೆಯಾದದ್ದು ವೇನ್. ಮೊದಲು ಸ್ಲೈಡನ್ನು ಕಪ್ಪು-ಬಿಳುಪು ಮಾಡು. ಆಮೇಲೆ ಅದನ್ನೇ ಎಡ-ಬಲ ತಿರುಗಿಸಿ ಇನ್ನೊಂದು ಕಾಲಿನ ಕಾರ್ಡು ಮಾಡು. ಅಕ್ಷರ ಉಲ್ಟಾ ಆಗುತ್ತೆ, ಅದಕ್ಕೆ ಹೆಸರನ್ನು `Back Extra`ದಲ್ಲಿ ಬರೆ. ತಿರುಗಿಸಿದ್ದರಲ್ಲಿ ತಪ್ಪಿದರೆ ನೀನು ಕಲಿತದ್ದು ಡಬ್ಬಿಯ ಜಾಗ.

ಬಸು: ಹಾಲಲ್ಲೇ ಫೋಟೋ ಹೊಡೆದು ಹಾಕಬಾರದಾ?

ಪ್ರಕಾಶ: ಫೋನ್ ಒಳಗೇ ಬಿಡಲ್ಲ ಮಾರಾಯ. ದೇಹ ಕೊಟ್ಟವರ ಮರ್ಯಾದೆ ಅಂತ ಒಂದಿದೆ.

ಸಹನಾ: ತಿರುಗಿಸಿ ನೋಡಿದೆ. ನಾಲ್ಕರಲ್ಲಿ ಒಂದು ಸರಿ. ನರ್ವ್ ಮಾತ್ರ.

ಮಲ್ಲು: ನೋಡಿ, ನೇವಲ್‌ನ ಮೊದಲ ಅಕ್ಷರ.